ಮಂಗಳವಾರ ರಾತ್ರಿ ಮೂರು ಗಂಟೆ

ಒಂದೇ ತಿಂಗಳಲ್ಲಿ ಪದ್ಮಶ್ರೀಯ ಸೈಕಲ್ಲಿನ ಗಾಳಿ ಮೂರು ಸಲ ಇಳಿದಿತ್ತು. ಮೂರು ಸಲವೂ ಹುಣಸಮಾರನಹಳ್ಳಿಯ ಅದೇ ಅಂಗಡಿಯ ಮುಂದೆ.

ಭಾನುವಾರ ಬೆಳಿಗ್ಗೆ ನಂದಿ ಕಡೆ ಸೈಕಲ್ ತುಳಿಯುವವರೆಲ್ಲ ನಿಲ್ಲುವ ಸೈಕಲ್ ರಿಪೇರಿ ಅಂಗಡಿ ಅದು. ಅದನ್ನು ನಡೆಸುತ್ತಿದ್ದ ಹುಡುಗ ಅಶ್ವತ್ಥ್. ಅವರಪ್ಪನ ಹೊಲವಿದ್ದ ಜಾಗದಲ್ಲಿ ಈಗ ಸಾಲು ಮಳಿಗೆಗಳಿದ್ದವು. ಬಾಡಿಗೆ ಎಣಿಸಿಕೊಂಡು ಕೂರಬಹುದಾಗಿದ್ದವನು ಮೊದಲನೇ ಮಳಿಗೆಯಲ್ಲಿ ಮೈಕೈ ಗ್ರೀಸ್ ಮಾಡಿಕೊಂಡು ಕೂರುತ್ತಿದ್ದ. ಚಕ್ರವನ್ನು ತಿರುಗಿಸಿ, ಕಣ್ಣು ಮುಚ್ಚಿ, ಕಡ್ಡಿಗಳನ್ನು ಬೆರಳಲ್ಲಿ ಮುಟ್ಟುತ್ತಾ ಸೊಟ್ಟ ಎಲ್ಲಿದೆ ಎಂದು ಹುಡುಕುವಾಗ ಅವನ ತುಟಿಯ ತುದಿಯಲ್ಲಿ ಒಂದು ನಗು ನಿಂತಿರುತ್ತಿತ್ತು. ಪದ್ಮಶ್ರೀ ಆ ನಗುವನ್ನೇ ನೋಡುತ್ತಿದ್ದಳು. ಅವನು ಕಣ್ಣು ಬಿಟ್ಟ ತಕ್ಷಣ ರಸ್ತೆ ನೋಡುತ್ತಿದ್ದಳು.

ಮೂರನೇ ಸಲ ಗಾಳಿ ತುಂಬಿಸಿಕೊಟ್ಟು ಅವನು ಹೇಳಿದ, "ಮುಂದಿನ ಸಲ ಗಾಳಿ ಇದ್ರೂ ಬನ್ನಿ."

ಕೋಗಿಲು ಊರಿನ ತನ್ನ ಮನೆ ಸೇರುವವರೆಗೂ ಅವಳ ಕಿವಿ ಬಿಸಿಯಾಗಿಯೇ ಇತ್ತು.

ಆಮೇಲೆ ಎಲ್ಲ ಸರಸರ ನಡೆದುಹೋಯಿತು. ಎರಡೂ ಮನೆಯವರಿಗೆ ಗೊತ್ತಾಯಿತು, ಯಾರೂ ಕೂಗಾಡಲಿಲ್ಲ, ಜಾತಕ ಕೇಳಿದರು. ಪದ್ಮಶ್ರೀಯದು ಪುಷ್ಯ ನಕ್ಷತ್ರ. ಅವಳು ಹುಟ್ಟಿದಾಗ ಚಂದ್ರ ಆಕಾಶದಲ್ಲಿ ಆ ಮನೆಯಲ್ಲಿದ್ದನಂತೆ. ಬೃಹಸ್ಪತಿ ಅದರ ದೇವತೆ, ಹಸುವಿನ ಕೆಚ್ಚಲು ಅದರ ಗುರುತು, ದೇವಗಣ. ಶಾಂತ ಸ್ವಭಾವ, ನಾಲ್ಕು ಜನಕ್ಕೆ ಬಡಿಸಿ ಉಣ್ಣುವ ಮನಸ್ಸು. ಅಶ್ವತ್ಥನದು ಹಸ್ತಾ. ಅಂಗೈಯೇ ಅದರ ಗುರುತು. ಕೈಚಳಕ, ತಮಾಷೆ, ಅದೂ ದೇವಗಣವೇ. ಗಣಕ್ಕೆ ಗಣ, ರಾಶಿಗೆ ರಾಶಿ, ಎಲ್ಲ ಕೂಡಿಬಂತು.

ಅಶ್ವತ್ಥನ ತಾಯಿ ಲಕ್ಕಮ್ಮನವರಂತೂ ಮೊದಲ ಭೇಟಿಯಲ್ಲೇ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ನಂದೂ ಪುಷ್ಯನೇ ಕಣಮ್ಮ. ಅತ್ತೆ ಸೊಸೆ ಒಂದೇ ನಕ್ಷತ್ರ. ಇನ್ನೇನ್ ಬೇಕು." ಹಾಗೆ ಹೇಳಿ ಅವಳನ್ನು ಸ್ವಲ್ಪ ಹೊತ್ತು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು, ನೋಡಿದ್ದರು.

ಎಂಗೇಜ್‌ಮೆಂಟಿಗೆ ಸೀರೆ ತಂದಾಗಿತ್ತು. ಆ ಮಧ್ಯಾಹ್ನ ಪದ್ಮಶ್ರೀ ಮಂಚದ ಮೇಲೆ ಬಿದ್ದುಕೊಂಡು, ಕಾಲು ಗೋಡೆಗೆ ಆನಿಸಿ, ಫೋನಿನಲ್ಲಿ ಒಂದು ಜಾತಕದ ಆ್ಯಪ್ ಹಾಕಿಕೊಂಡಳು. ಸುಮ್ಮನೆ, ಅವನ ಹೆಸರಿನ ಪಕ್ಕ ತನ್ನ ಹೆಸರು ನೋಡುವ ಆಸೆಗೆ.

ಅವಳಿಗೆ ಎರಡು ಹುಟ್ಟುಹಬ್ಬ. ಮನೆಯಲ್ಲಿ ಆರನೇ ತಾರೀಖು, ಕಾಲೇಜಿನಲ್ಲಿ ಏಳು. ಹುಟ್ಟಿದ್ದು ಮಂಗಳವಾರ ರಾತ್ರಿ ಮೂರು ಗಂಟೆಗೆ, ಮಂಗಳವಾರ ಅಂದರೆ ಆರು, ಆಸ್ಪತ್ರೆಯವರು ಏಳು ಅಂತ ತಪ್ಪು ಬರೆದಿದ್ದಾರೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎರಡೆರಡು ಕೇಕ್ ಸಿಗುತ್ತಿದ್ದರಿಂದ ಅವಳೂ ಯಾವತ್ತೂ ತಕರಾರು ಎತ್ತಿರಲಿಲ್ಲ. ಆ್ಯಪ್ ತಾರೀಖು ಕೇಳಿದಾಗ ಕಾಲೇಜಿನ ಅಭ್ಯಾಸದಲ್ಲಿ ಬೆರಳು ಏಳನ್ನು ಒತ್ತಿತು. ಬೆಳಗಿನ ಜಾವ ಮೂರು ಗಂಟೆ.

ಆಶ್ಲೇಷಾ, ಎರಡನೇ ಪಾದ. ಕರ್ಕಾಟಕ ರಾಶಿ. ರಾಕ್ಷಸ ಗಣ.

ಪದ್ಮಶ್ರೀ ನಕ್ಕಳು. ತಾರೀಖು ಆರಕ್ಕೆ ಬದಲಿಸಿದಳು, ಪುಷ್ಯ ಬಂತು. ಮತ್ತೆ ಏಳು, ಮತ್ತೆ ಆಶ್ಲೇಷಾ. ರಾಶಿ ಅದೇ, ಪಾದವೂ ಅದೇ, ನಕ್ಷತ್ರ ಮಾತ್ರ ಒಂದು ಮನೆ ಮುಂದಕ್ಕೆ. ಚಂದ್ರ ಒಂದೊಂದು ನಕ್ಷತ್ರದಲ್ಲಿ ಸುಮಾರು ಒಂದು ದಿನ ಇರುತ್ತಾನೆ, ಅದಕ್ಕೆ ಹೀಗೆ ಅಂತ ಅಲ್ಲೇ ಬರೆದಿತ್ತು.

ಅಂಗಳದಲ್ಲಿ ಬಿಸಿಲಿಗೆ ಕೂತಿದ್ದ ಅಜ್ಜಿ ಮುನಿಕೆಂಪಮ್ಮನ ಹತ್ತಿರ ಹೋಗಿ, ನಾನು ಹುಟ್ಟಿದ ಕಥೆ ಹೇಳು ಅಂದಳು. ನೂರು ಸಲ ಕೇಳಿದ ಕಥೆಯೇ.

"ಅವತ್ತು ಮಂಗಳವಾರ. ಸಂಜೆ ಮುನೇಶ್ವರನಿಗೆ ದೀಪ ಅಚ್ಚಿ ಬಂದೆ, ನಿಮ್ಮಮ್ಮಂಗೆ ನೋವು ಸುರುವಾಯ್ತು. ಆಟೋದಾಗೆ ಆಸ್ಪತ್ರೆಗೆ ಓದ್ವಿ. ರಾತ್ರಿ ಮೂರು ಗಂಟೆಗೆ ನೀನು ಕಿರ್ ಅಂದೆ. ಬೆಳಗಾದ್ರೆ ಬುಧವಾರ."

"ಸಂಜೆ ಆದ್ಮೇಲೆ ಬಂದ ಮೂರು ಗಂಟೆನಾ ಅಜ್ಜಿ?"

"ಇನ್ಯಾವ್ದು ಮೂರು ಗಂಟೆ?"

ಪದ್ಮಶ್ರೀ ಬೆರಳು ಮಡಚಿ ಗಂಟೆಗಳನ್ನು ಎಣಿಸಿದಳು. ಅಜ್ಜಿಗೆ ಸೂರ್ಯ ಹುಟ್ಟುವವರೆಗೂ ಮಂಗಳವಾರವೇ. ಪಂಚಾಂಗಕ್ಕೂ ಅಷ್ಟೇ, ಅದರ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಹಳೇ ಜೋಯಿಸರ ಹತ್ತಿರ ಹೋಗಿದ್ದರೆ ಅವರು ಸರಿಯಾಗೇ ತಿಳಿದುಕೊಳ್ಳುತ್ತಿದ್ದರು. ಆದರೆ ಸೋದರಮಾವ ಯಲಹಂಕದಲ್ಲಿ ಕಂಪ್ಯೂಟರ್ ಜಾತಕ ಮಾಡಿಸಿದ್ದ. ಕಂಪ್ಯೂಟರಿಗೆ ದಿನ ಬದಲಾಗುವುದು ಮಧ್ಯರಾತ್ರಿಗೆ. ಮಂಗಳವಾರ, ಆರನೇ ತಾರೀಖು, ಬೆಳಗಿನ ಮೂರು ಎಂದು ಕೊಟ್ಟಾಗ ಅದು ಒಂದು ಇಡೀ ದಿನ ಹಿಂದಿನ ಚಂದ್ರನನ್ನು ಹಿಡಿದುಕೊಟ್ಟಿತ್ತು. ಆಗ ಅಮ್ಮನಿಗೆ ನೋವೂ ಶುರುವಾಗಿರಲಿಲ್ಲ.

ಆಸ್ಪತ್ರೆಯವರು ತಪ್ಪು ಬರೆದಿರಲಿಲ್ಲ. ಅವಳು ಪುಷ್ಯ ಅಲ್ಲ.

ಹೊಳೆದದ್ದನ್ನು ಹೇಳಿದಾಗ ಅಜ್ಜಿಯ ಕೈಯಲ್ಲಿದ್ದ ಎಲೆಯಡಿಕೆ ಹಾಗೇ ನಿಂತಿತು. ಆಶ್ಲೇಷಾ ಹುಡುಗಿ ಅತ್ತೆಗೆ ಆಗಿಬರಲ್ಲ ಅನ್ನುವುದು ಕೋಗಿಲಿನಲ್ಲಿ ಯಾರಿಗೆ ಗೊತ್ತಿಲ್ಲ. ಎಷ್ಟೋ ಮನೆಗಳಲ್ಲಿ ಅಂಥ ಜಾತಕವನ್ನು ಕೈಯಲ್ಲೂ ಮುಟ್ಟುವುದಿಲ್ಲ. ಅದನ್ನು ಚೀಲಕ್ಕೆ ತುರುಕಿ ಅಜ್ಜಿ ಅಂದಳು. "ನಕ್ಷತ್ರ ಏನು ಅಣೆ ಮ್ಯಾಲೆ ಬರೆದಿರ್ತೈತಾ? ನಿಂಗೂ ನಂಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಸುಮ್ಕಿರು ಪದ್ದಿ."

ಸುಮ್ಮನಿರಬಹುದಿತ್ತು. ಆದರೆ ಅವಳು ಆಶ್ಲೇಷಾದ ಗುಣ ಓದುವುದಕ್ಕೆ ಕೂತಳು. ಸುರುಳಿ ಸುತ್ತಿದ ಸರ್ಪ ಅದರ ಗುರುತು, ಒಡೆಯ ಬುಧ. ಚುರುಕು ಬುದ್ಧಿ, ಎದುರಿನವರ ಮನಸ್ಸನ್ನು ಹೊಕ್ಕು ನೋಡುವ ಕಣ್ಣು. ಹಿಡಿದದ್ದನ್ನು ಬಿಡದ ಪಟ್ಟು. ಗುಟ್ಟು. ಬೇಕಾದ್ದನ್ನು ಸುತ್ತುದಾರಿಯಲ್ಲಿ ಪಡೆಯುವ ಜಾಣತನ.

ಪದ್ಮಶ್ರೀ ಫೋನನ್ನು ಹಾಸಿಗೆ ಮೇಲೆ ಕವುಚಿ ಹಾಕಿದಳು.

ಯಾಕೆಂದರೆ ಆ ಮೂರು ಸಲವೂ ಗಾಳಿ ತಾನಾಗಿ ಇಳಿದಿರಲಿಲ್ಲ. ಅಂಗಡಿಗೆ ಸ್ವಲ್ಪ ಮುಂಚೆ ಹೊಂಗೆಮರದ ಮರೆಯಲ್ಲಿ ನಿಂತು, ಗೆಳತಿಯರನ್ನು ಮುಂದೆ ಕಳಿಸಿ, ಅವಳೇ ವಾಲ್ವ್ ಸಡಿಲ ಮಾಡಿದ್ದಳು. ಇದು ಭೂಮಿ ಮೇಲೆ ಒಬ್ಬರಿಗೂ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಪುಷ್ಯದ ಮಗು, ಹಸುವಿನಂಥ ಮಗು ಅನ್ನಿಸಿಕೊಳ್ಳುವಾಗೆಲ್ಲ ಒಳಗೊಂದು ಕಡೆ ಇರಿಸುಮುರಿಸಾಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಯಾರೋ ಅವಳ ಬೆನ್ನ ಹಿಂದೆ ನಿಂತು ಅವಳ ನಿಜವಾದ ಹೆಸರು ಕರೆದಂತಿತ್ತು. ಭಯವಾಯಿತು. ಭಯದ ಜೊತೆ, ನಾಚಿಕೆಗೇಡಿಯಂತೆ, ಒಂಚೂರು ಖುಷಿಯೂ ಆಯಿತು.

ಮುಚ್ಚಿಟ್ಟರೆ ಅಶ್ವತ್ಥ್ ಸಿಗುತ್ತಾನೆ, ಆದರೆ ಓದಿದ್ದೆಲ್ಲ ನಿಜವಾಗುತ್ತದೆ. ಹೇಳಿದರೆ ಅವನೇ ಹೋಗುತ್ತಾನೆ. ಮೂಲೆಯಲ್ಲಿದ್ದ ಸೀರೆಯ ಕವರ್ ನೋಡಿಕೊಂಡು ಅವಳು ಎರಡು ದಿನ ಕೂತಳು. ಮೂರನೇ ದಿನ ಬೆಳಿಗ್ಗೆ ಸೈಕಲ್ ಹತ್ತಿದಳು. ಈ ಸಲ ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ.

ಲಕ್ಕಮ್ಮನವರು ಜಗಲಿಯ ಮೇಲೆ ಅವರೆಕಾಳು ಹಿಸುಕುತ್ತಿದ್ದರು. ಪಕ್ಕದಲ್ಲಿ ಅಶ್ವತ್ಥ್, ಅವನ ಬೆರಳುಗಳ ಮಧ್ಯದಿಂದ ಕಾಳು ಪಟಪಟ ಹಾರಿ ಬಟ್ಟಲಿಗೆ ಬೀಳುತ್ತಿತ್ತು. ಅವಳನ್ನು ಕಂಡು ಒಂದು ಕಾಳನ್ನು ಅವಳ ಕಡೆಗೇ ಹಾರಿಸಿದ. ಅವಳು ನಗಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಮಂಗಳವಾರ ಸಂಜೆಯ ದೀಪ, ರಾತ್ರಿಯ ಮೂರು ಗಂಟೆ, ಕಂಪ್ಯೂಟರಿನ ಮಧ್ಯರಾತ್ರಿ, ಆಶ್ಲೇಷಾ.

ಕಾಳಿನ ಸದ್ದು ನಿಂತುಹೋಯಿತು. ಅಶ್ವತ್ಥನ ಮುಖ ಬಿಳಿಚಿಕೊಂಡಿತ್ತು, ಕಣ್ಣು ಅವಳನ್ನು ಬಿಟ್ಟು ಅಮ್ಮನ ಕಡೆ ಹೋಗಿತ್ತು. ಅಷ್ಟು ಸಾಕಾಯಿತು ಪದ್ಮಶ್ರೀಗೆ.

ಲಕ್ಕಮ್ಮನವರು ಕೈ ಒರೆಸಿಕೊಂಡರು. "ಯಾವ ಪಾದ?"

"ಎರಡನೇದು."

"ಆಶ್ಲೇಷಾ ಒಂದನೇ ಪಾದಕ್ಕೆ ಅತ್ತೆ ದೋಷ ಇಲ್ಲ ಅಂತಾರೆ. ಗೊತ್ತಾ ನಿಂಗೆ?"

"ಗೊತ್ತು ಆಂಟಿ. ಓದ್ದೆ."

"ಒಂದು ಅಂತ ಏಳ್ಬೋದಿತ್ತು."

"ಹೇಳ್ಬೋದಿತ್ತು," ಅಂದಳು ಪದ್ಮಶ್ರೀ. "ಆದ್ರೆ ನಿಮ್ ಕಣ್ಣು ನೋಡ್ಕೊಂಡು ಹೇಳಕ್ಕೆ ಆಗಲ್ಲ. ನಿಮಗೆ ಗೊತ್ತಾಗ್ಬಿಡುತ್ತೆ ಅನ್ಸುತ್ತೆ."

ಲಕ್ಕಮ್ಮನವರು ಬಾಗಿಲ ಕಡೆ ಒಮ್ಮೆ ನೋಡಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಅಂದರು, "ಗೊತ್ತಾಗ್ತಿತ್ತು. ನಾನೂ ಆಶ್ಲೇಷಾನೇ."

ಅಶ್ವತ್ಥನ ಕೈಯಿಂದ ಬಟ್ಟಲು ಜಾರಿ ಕಾಳೆಲ್ಲ ಜಗಲಿ ತುಂಬಾ ಉರುಳಿತು.

ಲಕ್ಕಮ್ಮನವರ ಮದುವೆಯ ಮಾತು ನಡೆದಾಗ ಅವರಪ್ಪ ಹೆದರಿ, ಪಕ್ಕದ ನಕ್ಷತ್ರ, ಹೇಗೂ ರಾಶಿ ಒಂದೇ, ಹಿಡಿಯುವವರಿಲ್ಲ ಎಂದು ಪುಷ್ಯ ಅಂತ ಬರೆಸಿದ್ದರಂತೆ. ಅಂದಿನಿಂದ ಅವರು ಪುಷ್ಯದವರಾಗಿಯೇ ಬದುಕಿದ್ದರು. ಅತ್ತೆಗೆ ಒಂದು ಕೆಮ್ಮು ಬಂದರೂ ಇದು ನನ್ನಿಂದಲೇ ಎಂದು ನಡುಗುತ್ತಿದ್ದರು, ತರಕಾರಿ ನೆಪ ಹೇಳಿ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು ಬರುತ್ತಿದ್ದರು. ಗಂಡನ ಜೊತೆ ದೇವಸ್ಥಾನಕ್ಕೆ ಹೋದಾಗ ಅರ್ಚಕರು ನಕ್ಷತ್ರ ಕೇಳಿದರೆ, ದೇವರ ಎದುರಿಗೇ ಪುಷ್ಯ ಅನ್ನುತ್ತಿದ್ದರು. ಆ ಅತ್ತೆ ತೊಂಬತ್ತು ದಾಟಿ, ಕೊನೇ ದಿನವೂ ಸೊಸೆಯ ಸಾರಿಗೆ ಉಪ್ಪು ಸಾಲದು ಅಂದು ಬೈದೇ ತೀರಿಕೊಂಡಿದ್ದರು.

"ಮೊದಲ್ನೇ ದಿನ ನಿನ್ ಕಣ್ಣು ನೋಡಿ ಅನುಮಾನ ಬಂದಿತ್ತು. ಪುಷ್ಯದೋರು ಇಂಗೆ ನೋಡಲ್ಲ," ಅಂದರು. "ನಿನ್ನಷ್ಟು ಧೈರ್ಯ ನಂಗಿರ್ಲಿಲ್ಲ ಮಗಳೇ. ನಾಗರ ಗುಣ ಬಚ್ಚಿಟ್ಕೊಳ್ಳೋದು ಅಂತ ತಿಳ್ಕೊಂಡಿದ್ದೆ. ಹೆಡೆ ಎತ್ತಿ ನಿಂತ್ಕೊಳ್ಳೋದೂ ಅದ್ರ ಗುಣನೇ."

ಚಂದ್ರ ತಿಂಗಳಿಗೊಮ್ಮೆ ಆಶ್ಲೇಷಾಕ್ಕೆ ಬರುತ್ತಾನೆ. ಮುಂದಿನ ಸಲ ಬಂದ ದಿನ ಅವರೆಲ್ಲ ಘಾಟಿಯಲ್ಲಿದ್ದರು. ನಾಗದೋಷ ಕಳೆಯುವ ಆಶ್ಲೇಷಾ ಬಲಿ ಪೂಜೆಗೆ ಕೂತವರ ಸಾಲಿನಲ್ಲಿ ಅರ್ಚಕರು ಒಬ್ಬೊಬ್ಬರನ್ನೇ ಹೆಸರು, ನಕ್ಷತ್ರ, ರಾಶಿ ಕೇಳುತ್ತಾ ಬಂದರು. ಅಶ್ವತ್ಥನ ತಂದೆ ಬ್ಯಾಟರಾಯಪ್ಪನವರು ಅಭ್ಯಾಸದಂತೆ ತಾವೇ ಬಾಯಿ ಹಾಕಿ, "ಲಕ್ಕಮ್ಮ, ಪುಷ್ಯ," ಅಂದರು.

"ಅಲ್ಲ ಸ್ವಾಮಿ," ಅಂದರು ಲಕ್ಕಮ್ಮನವರು. ದನಿ ಎಲ್ಲರಿಗೂ ಕೇಳುವಷ್ಟಿತ್ತು. "ಲಕ್ಕಮ್ಮ, ಆಶ್ಲೇಷಾ ನಕ್ಷತ್ರ, ಕರ್ಕಾಟಕ ರಾಶಿ."

ಬ್ಯಾಟರಾಯಪ್ಪನವರು ಹೆಂಡತಿಯನ್ನು, ಮೇಲೆ ದೇವರನ್ನು, ಮತ್ತೆ ಹೆಂಡತಿಯನ್ನು ನೋಡಿದರು. ಆಮೇಲೆ, ತುಂಬಾ ನಿಧಾನವಾಗಿ, "ಅದಕ್ಕೇ ಆ ತರಕಾರಿ ನೆಪ," ಅಂದರು. ಅಷ್ಟೇ ಅಂದರು. ಲಕ್ಕಮ್ಮನವರು ಹೊಸ ಮದುವೆಯ ಹೆಣ್ಣಿನಂತೆ ತಲೆ ತಗ್ಗಿಸಿ ನಕ್ಕರು.

"ಪದ್ಮಶ್ರೀ, ಆಶ್ಲೇಷಾ, ಕರ್ಕಾಟಕ ರಾಶಿ." ಅವಳ ಬಾಯಲ್ಲಿ ಅದು ಮೊದಲ ಸಲ. ಹೇಳಿ ಮುಗಿದ ಮೇಲೆ ಮೈ ಹಗುರಾಗಿತ್ತು.

ಪ್ರಸಾದದ ಸಾಲಿನಲ್ಲಿ ಅಶ್ವತ್ಥ್ ಅವಳ ಹಿಂದೆ ನಿಂತಿದ್ದ. ಇಷ್ಟು ಹೇಳಿದ ಮೇಲೆ ಉಳಿದ ಒಂದನ್ನೂ ಹೇಳಿಬಿಡೋಣ ಅನ್ನಿಸಿತು ಅವಳಿಗೆ. ತಿರುಗದೆಯೇ ಅಂದಳು, "ನಿಂಗೊಂದ್ ವಿಷಯ ಹೇಳ್ಬೇಕು. ನಿನ್ ಅಂಗಡಿ ಮುಂದೆ ಗಾಳಿ ಇಳೀತಿತ್ತಲ್ಲ."

"ನೀನೇ ವಾಲ್ವ್ ಸಡಿಲ ಮಾಡ್ತಿದ್ದೆ," ಅಂದ ಅವನು.

ಪದ್ಮಶ್ರೀ ತಿರುಗಿದಳು. ಕಣ್ಣು ಇಷ್ಟಗಲ ಆಗಿತ್ತು.

"ವಾಲ್ವ್ ಮುಟ್ಟಿದ್ ತಕ್ಷಣ ಗೊತ್ತಾಗಲ್ವಾ ನನ್ ಕೈಗೆ? ಹಸ್ತಾ ಕಣೇ ನಂದು." ತುಟಿಯ ತುದಿಯಲ್ಲಿ ಆ ನಗು ನಿಂತಿತ್ತು. "ಎರಡನೇ ಸಲದಿಂದ ನಾನೂ ಪೂರ್ತಿ ಟೈಟ್ ಮಾಡಿರ್ಲಿಲ್ಲ. ನಿಂಗೆ ಬಿಚ್ಚೋಕೆ ಕಷ್ಟ ಆಗ್ಬಾರ್ದು ಅಂತ."