ಬಟ್ಟಲಿನ ಮೀನು, ಕುದುರೆಯ ಸವಾರ

"ಅಳಿಯ ಹಲ್ಲು ಕೀಳ್ತಾನೆ, ಅತ್ತೆ ಗುಟ್ಟು ಕೀಳ್ತಾಳೆ" ಎಂದು ನಮ್ಮ ಕಟ್ಟಡದವರು ಆಡಿಕೊಳ್ಳುವುದುಂಟು. ನನ್ನ ಕೆಲಸಕ್ಕೆ ಅರಿವಳಿಕೆಯ ಸೂಜಿಯಾದರೂ ಇದೆ. ಅತ್ತೆಯ ಕೆಲಸಕ್ಕೆ ಅದೂ ಇಲ್ಲ. ನನ್ನ ಹೆಂಡತಿಯ ತಾಯಿಯಾದ ಈಕೆ ನಮ್ಮ ಮನೆಗೆ ಬಂದು ನೆಲಸಿದ ಮೇಲೆ ಈ ಕಟ್ಟಡದಲ್ಲಿ ಯಾರ ಚಪ್ಪಲಿ ಕಳೆದರೂ ಮೊದಲು ನಮ್ಮ ಬಾಗಿಲು ಬಡಿಯುತ್ತಾರೆ.

ಅಂದು ಬೆಳಿಗ್ಗೆ ಬಾಗಿಲು ಬಡಿದವರು ಮೂರನೆಯ ಮಹಡಿಯ ಕಾರ್ಡಮ್ಮ. ಟ್ಯಾರೋ ಕಾರ್ಡು ಹಾಕಿ ಭವಿಷ್ಯ ಹೇಳುವವರು. ಮೂರು ದಿನದ ಹಿಂದೆ ನಾನೇ ಅವರ ದವಡೆ ಹಲ್ಲು ಕಿತ್ತಿದ್ದೆ. ಕೆನ್ನೆಯ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ಹೊಲಿಗೆ ಬಿಚ್ಚಿತೇನೋ ಎಂದು ನಾನು ಗಾಬರಿಯಾದೆ.

"ಹಲ್ಲಿನ ವಿಷ್ಯ ಅಲ್ಲ ಡಾಕ್ಟ್ರೇ. ನನ್ನ ಪೇಜ್ ಕದ್ದಿದ್ದಾರೆ!"

"ಯಾವ ಪುಸ್ತಕದ್ದು?" ಎಂದೆ.

ಇಬ್ಬರು ಹೆಂಗಸರೂ ನನ್ನನ್ನು ಕನಿಕರದಿಂದ ನೋಡಿದರು. ಅತ್ತೆ ಕಾರ್ಡಮ್ಮನಿಗೆ ಕುರ್ಚಿ ಎಳೆದು ಕೊಟ್ಟು, "ಮೊದಲಿಂದ ಹೇಳಿ. ಅಳಿಯಂದ್ರೇ, ನೀವು ಸುಮ್ನೆ ಕೇಳಿಸ್ಕೊಳ್ಳಿ" ಎಂದರು.

ವಿಷಯ ಇಷ್ಟು. ನೆಲಮಹಡಿಯಲ್ಲಿ ವಿಗ್ ಮಾಡುವ ಅಂಗಡಿಯಿದೆ. ಅಲ್ಲಿ ಕೂದಲು ಕಟ್ಟುವವಳನ್ನು ಎಲ್ಲರೂ ಜಡೆಯಕ್ಕ ಎನ್ನುತ್ತಾರೆ. ಅವಳ ಸ್ವಂತ ತಲೆಗೂದಲು ಮಾತ್ರ ಗಿಡ್ಡ. ಊರಿಗೆ ಬಂದಿದ್ದ ದೊಡ್ಡ ನಾಟಕ ಕಂಪನಿಗೆ ಅವಳು ತನ್ನ ಕೈಕೆಲಸ ತೋರಿಸಿ ಬಂದಿದ್ದಳು. ಅವರು ಕರೆದರೆ ಕಂಪನಿಯ ವಿಗ್ಗುಗಳೆಲ್ಲ ಅವಳ ಕೈಗೆ. ಕರೆಯದಿದ್ದರೆ ಮತ್ತೆ ಅಣ್ಣನ ಅಂಗಡಿಯ ಕತ್ತಲೆ ಮೂಲೆ. ಕಂಪನಿಯ ಬಸ್ಸು ಇವತ್ತೇ ಸಂಜೆ ಊರು ಬಿಡುವುದಿತ್ತು.

"ಉತ್ತರ ಬರುತ್ತಾ ಅಂತ ಕೇಳಿದ್ಲು. ಅವತ್ತು ಮೂರು ಕಾರ್ಡು ತೆಗೆದೆ. ಈಗಿನ ಸ್ಥಿತಿಗೆ ಎಂಟು ಪೆಂಟಕಲ್ಸ್, ಅಂದ್ರೆ ಎಂಟು ನಾಣ್ಯದ ಕಾರ್ಡು ಬಂತು. ಬೆಂಚಿನ ಮೇಲೆ ಕೂತು ತಲೆ ಬಗ್ಗಿಸಿ ಕೆಲಸ ಮಾಡೋ ಕುಶಲಕರ್ಮಿ, ಅವಳೇ. ಮಧ್ಯಕ್ಕೆ ತಲೆಕೆಳಗಾಗಿ ತೂಗುವವನು, ಅಂದ್ರೆ ಕಾಯೋ ಕಾಲ. ಮುಂದೇನು ಅನ್ನೋದಕ್ಕೆ ಪೇಜ್ ಆಫ್ ಕಪ್ಸ್! ಅವಳಿಗೆ ಬಂದು ನೋಡ್ಕೋ ಅಂತ ಹೇಳಿಕಳಿಸಿ, ಕಾರ್ಡುಗಳನ್ನ ಮೇಜಿನ ಮೇಲೆ ಹಾಗೇ ಬಿಟ್ಟು, ನಿಮ್ಮ ಹತ್ರ ಹಲ್ಲು ಕೀಳಿಸ್ಕೊಳ್ಳೋಕೆ ಬಂದೆ."

ಬಾಯಿ ತುಂಬ ಹತ್ತಿ ತುರುಕಿಕೊಂಡು ಮನೆಗೆ ಹೋದ ಕಾರ್ಡಮ್ಮ ಎರಡು ದಿನ ಮಾತಾಡಲಾಗದೆ ಮಲಗಿದ್ದರು. ಇವತ್ತು ಕೆಳಗಿಳಿದಾಗ ಜಡೆಯಕ್ಕ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಒಳ್ಳೆಯ ಬಟ್ಟೆ ಉಟ್ಟು ಕೂತಿದ್ದಳಂತೆ. 'ನಿಮ್ಮ ಕುದುರೆ ಸವಾರ ಇನ್ನೂ ಬರಲಿಲ್ಲ' ಎಂದಳಂತೆ. ಓಡಿಹೋಗಿ ನೋಡಿದರೆ ಮೇಜಿನ ಮೇಲಿದ್ದದ್ದು ನೈಟ್ ಆಫ್ ಕಪ್ಸ್, ಅಂದರೆ ಕುದುರೆ ಸವಾರನ ಕಾರ್ಡು. ಪೇಜ್ ಕಟ್ಟಿನಲ್ಲೂ ಇರಲಿಲ್ಲ.

"ಎರಡಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ?" ಎಂದೆ. "ಎರಡರಲ್ಲೂ ಒಬ್ಬ ಬಟ್ಟಲು ಹಿಡಿದಿರ್ತಾನೆ ತಾನೆ?"

"ಕೋರೆಹಲ್ಲಿಗೂ ದವಡೆಹಲ್ಲಿಗೂ ವ್ಯತ್ಯಾಸ ಇಲ್ವಾ?" ಕಾರ್ಡಮ್ಮ ಕೆರಳಿದರು. "ಪೇಜ್ ಅಂದ್ರೆ ಹೂವಿನ ಅಂಗಿಯ ಹುಡುಗ. ಸಮುದ್ರದ ದಂಡೆಯಲ್ಲಿ ನಿಂತಲ್ಲೇ ನಿಂತಿರ್ತಾನೆ. ಅವನ ಬಟ್ಟಲಿಂದ ಒಂದು ಮೀನು ತಲೆ ಎತ್ತಿ ಅವನನ್ನೇ ನೋಡುತ್ತೆ. ಅಂದ್ರೆ ಸುದ್ದಿ, ಹೊಸ ಅವಕಾಶ. ಆದ್ರೆ ಅದಿನ್ನೂ ಮೊಳಕೆ, ನಾವು ಗಮನ ಕೊಟ್ಟು ಕೈಗೆತ್ತಿಕೊಳ್ಳಬೇಕು. ಅದೂ ನೆನೆಸದ ರೂಪದಲ್ಲಿ ಬರುತ್ತೆ. ಬಟ್ಟಲಲ್ಲಿ ಮೀನು ಇರುತ್ತೆ ಅಂತ ಯಾರು ನೆನೆಸ್ತಾರೆ?"

"ನೈಟು?"

"ಅವನು ಹೊರಟೇಬಿಟ್ಟವನು. ಬಿಳಿ ಕುದುರೆ, ರೆಕ್ಕೆಯ ಶಿರಸ್ತ್ರಾಣ. ಬಟ್ಟಲು ಮುಂದೆ ಚಾಚ್ಕೊಂಡು ನಿಧಾನಕ್ಕೆ ಬರ್ತಾನೆ. ಅಂದ್ರೆ ಒಬ್ಬ ಮನುಷ್ಯ ಖುದ್ದಾಗಿ ಬಂದು ಕೇಳ್ತಾನೆ. ಪ್ರೇಮದ ಮಾತೂ ಆಗಬಹುದು, ಬಣ್ಣದ ಮಾತೂ ಆಗಬಹುದು. ಪೇಜ್ ಬಂದ್ರೆ, 'ಬಂದಿರೋದನ್ನ ಹುಡುಕು' ಅಂತೀನಿ. ನೈಟ್ ಬಂದ್ರೆ, 'ಬರೋವನನ್ನ ನೋಡು' ಅಂತೀನಿ. ಪಾಪ, ಅವಳು ಹಾಗೇ ಕೂತಿದ್ದಾಳೆ!"

ಅತ್ತೆಯ ಕಣ್ಣು ಮಿಂಚಿತು. ನನಗೆ ಆ ಮಿಂಚು ಗೊತ್ತು. ಅವತ್ತು ನನ್ನ ಕ್ಲಿನಿಕ್ಕು ಮುಚ್ಚಿತೆಂದೇ ಲೆಕ್ಕ.

"ಕಾರ್ಡು ಮೇಜಿನ ಮೇಲಿದೆ ಅಂತ ಯಾರ ಕೈಲಿ ಹೇಳಿಕಳಿಸಿದ್ರಿ?"

"ಮೆಟ್ಟಿಲಲ್ಲಿ ಮೂವರಿದ್ರು. ಅವಳಣ್ಣ, ಸ್ಟುಡಿಯೊದ ಫೋಟೊದವನು, ನಮ್ಮ ಕಟ್ಟಡದ ಕಾರ್ಯದರ್ಶಿಗಳು. ಯಾವ ಕಾರ್ಡು ಅಂತ ಬಾಯಿ ಬಿಡಲಿಲ್ಲ. ಕೀಲಿ ಎಂದಿನ ಹಾಗೆ ಬಾಗಿಲ ಪಕ್ಕದ ಮೊಳೆಯಲ್ಲಿತ್ತು."

ನಾವು ಕೆಳಗಿಳಿದೆವು. ಜಡೆಯಕ್ಕ ನಿಜಕ್ಕೂ ಬಾಗಿಲಲ್ಲಿ ಕೂತಿದ್ದಳು. ಹಿಂದೆ ಮರದ ತಲೆಗಳು ಸಾಲಾಗಿ ನಿಂತು ಅವಳ ಜೊತೆ ಬೀದಿ ಕಾಯುತ್ತಿದ್ದವು. ಅವಳ ಕಣ್ಣು ಕೆಂಪಾಗಿತ್ತು.

"ಕಾಗದ ಏನಾದ್ರೂ ಬಂತಾ ಅಂತ ವಿಚಾರಿಸಿದ್ಯೇನಮ್ಮ?" ಎಂದರು ಅತ್ತೆ.

"ಒಂದ್ಸಲ ಕಾರ್ಯದರ್ಶಿಗಳನ್ನ ಕೇಳಿದ್ದೆ. ಯಾವ ಕಾಗದವೂ ಬಂದಿಲ್ಲ ಅಂದ್ರು. ಆಮೇಲೆ ಆ ಕುದುರೆ ನೋಡಿದ ಮೇಲೆ ಕೇಳಲೇ ಇಲ್ಲ. ಯಾರೋ ಬರ್ತಾರೆ ಅಂತ ಕೂತೆ. ಎದ್ದು ಹೋದಾಗ್ಲೇ ಬಂದುಬಿಟ್ರೆ ಅಂತ ಊಟಕ್ಕೂ ಎದ್ದಿಲ್ಲ."

"ನೀನು ಹೋದ್ರೆ ಯಾರಿಗೆ ನಷ್ಟ?"

"ಅಣ್ಣನಿಗೆ. ಅವನಿಗೆ ಮಾರೋದಷ್ಟೇ ಗೊತ್ತು, ಕಟ್ಟೋದು ಗೊತ್ತಿಲ್ಲ." ತುಸು ತಡೆದು ಹೇಳಿದಳು: "ಮತ್ತೆ ಹಿಂಬಾಗಿಲಿಂದ ಬರೋ ಒಬ್ಬ ಗಿರಾಕಿಗೆ. ಇದೇ ಕಟ್ಟಡದವರು. ಹೆಸರು ಕೇಳಬೇಡಿ ಅತ್ತೆ, ಹೇಳಿದ್ರೆ ನನ್ನ ಕೆಲಸಕ್ಕೆ ಮರ್ಯಾದೆ ಇರಲ್ಲ."

ಅತ್ತೆ ಕೇಳಲಿಲ್ಲ. ಮಧ್ಯಾಹ್ನ ಎಲ್ಲರನ್ನೂ ನನ್ನ ಕ್ಲಿನಿಕ್ಕಿನ ಹೊರಕೋಣೆಗೆ ಕರೆಸಿದರು. ಸೆಖೆ ಜೋರಾಗಿತ್ತು. ಜಡೆಯಕ್ಕನ ಅಣ್ಣ ಬೆವರು ಒರೆಸಿಕೊಳ್ಳುತ್ತ ಕೂತ. ಮೊದಲ ಮಹಡಿಯಲ್ಲಿ ಸ್ಟುಡಿಯೊ ಇಟ್ಟಿರುವ ಫೋಟೊದವನು ಜಡೆಯಕ್ಕನ ಎದುರಿನ ಕುರ್ಚಿ ಹಿಡಿದ. ಅವನಿಗೆ ಅವಳ ಮೇಲೆ ಮನಸ್ಸಿರುವುದು ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತು. ಕಟ್ಟಡದ ಸಂಘದ ಕಾರ್ಯದರ್ಶಿಗಳು ಹೆಂಡತಿಯೊಂದಿಗೆ ಬಂದರು. ಅವರ ದಟ್ಟ ಕಪ್ಪು ಕ್ರಾಪು ನೋಡಿ ನನಗೆ ಎಂದಿನಂತೆ ಹೊಟ್ಟೆ ಉರಿಯಿತು. ಅವರು ಫ್ಯಾನಿನಿಂದ ದೂರದ ಮೂಲೆಗೆ ಹೋಗಿ, "ಫ್ಯಾನ್ ಬೇಡ ಡಾಕ್ಟ್ರೇ, ನನಗೆ ಶೀತ" ಎಂದರು.

ಅತ್ತೆ ನೈಟ್ ಕಾರ್ಡನ್ನು ಎತ್ತಿ ತೋರಿಸಿದರು. "ಕಾರ್ಡಮ್ಮನ ಮೇಜಿನ ಮೇಲಿದ್ದ ಒಂದು ಕಾರ್ಡು ತೆಗೆದು ಯಾರೋ ಇದನ್ನ ಇಟ್ಟಿದ್ದಾರೆ. ನಿಮ್ಮಲ್ಲಿ ಕಾರ್ಡಿನ ವಿಷ್ಯ ಯಾರಿಗೆ ಎಷ್ಟು ಗೊತ್ತು, ಹೇಳಿ ನೋಡೋಣ."

"ನನಗೆ ರಮ್ಮಿ ಗೊತ್ತು. ಇದು ಗುಲಾಮನೋ ರಾಜನೋ ಅದೂ ಗೊತ್ತಾಗ್ತಿಲ್ಲ" ಎಂದ ಅಣ್ಣ.

ಫೋಟೊದವನು ಕಿವಿವರೆಗೂ ಕೆಂಪಾದ. "ಇದು ಪ್ರೇಮ ನಿವೇದನೆಗೆ ಬರೋನು ಅಂತ ಕೇಳಿದ್ದೀನಿ. ಆದ್ರೆ ನಾನಿಟ್ಟಿದ್ದಲ್ಲ!"

ಕಾರ್ಯದರ್ಶಿಗಳು ನಕ್ಕರು. "ನಾನಂತೂ ಆ ಕಡೆ ತಲೆಯೇ ಹಾಕಿದವನಲ್ಲ. ಬಟ್ಟಲಿಂದ ಇಣುಕೋ ಮೀನನ್ನ ನೋಡ್ತಾ ನಿಂತ ಹುಡುಗನ ಬದಲು ಕುದುರೆ ಸವಾರ ಬಂದ್ರೆ ಏನಂತೆ? ಎಲ್ಲಾ ಒಂದೇ ಬೊಂಬೆ."

"ಅಳಿಯಂದ್ರೇ, ಬಾಗಿಲು ಹಾಕಿ" ಎಂದರು ಅತ್ತೆ.

ನಾನು ಹಾಕಿದೆ.

"ಯಾವ ಕಾರ್ಡು ಹೋಯ್ತು ಅಂತ ಇಲ್ಲಿ ಯಾರೂ ಹೇಳಿಲ್ಲ ಸ್ವಾಮಿ. ಕಟ್ಟಿನಲ್ಲಿ ಎಪ್ಪತ್ತೆಂಟು ಕಾರ್ಡಿವೆ. ಮೀನಿನ ಹುಡುಗನೇ ಹೋದ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಕಾರ್ಯದರ್ಶಿಗಳು ಅವಸರದಿಂದ ಕಾರ್ಡಿನ ಕಡೆ ಬೆರಳು ತೋರಿಸಿದರು. "ಮೀನು... ಇದೇ ಕಾರ್ಡಲ್ಲಿ ಇದೆಯಲ್ಲ! ಸವಾರನ ಅಂಗಿ ಮೇಲೆ ನೋಡಿ."

"ಇದೆ. ಬಟ್ಟೆಗೆ ಅಚ್ಚು ಹಾಕಿದ ಮೀನು ಅದು. ಬಟ್ಟಲಿಂದ ಇಣುಕಲ್ಲ." ಅತ್ತೆ ಕಾರ್ಡನ್ನು ಮೇಜಿನ ಮೇಲಿಟ್ಟರು. "ನಾನು ಮೊದಲು ಯೋಚಿಸಿದ್ದು ಕಾರ್ಡು ಕದ್ದವನ ಬಗ್ಗೆ ಅಲ್ಲ, ಇಟ್ಟ ಕಾರ್ಡಿನ ಬಗ್ಗೆ. ಅವಳ ಆಸೆ ಮುರಿಯೋದೇ ಉದ್ದೇಶ ಆಗಿದ್ರೆ ಕೆಟ್ಟ ಕಾರ್ಡುಗಳಿಗೆ ಬರವಿತ್ತಾ? ಇಟ್ಟಿದ್ದೂ ಒಳ್ಳೇ ಕಾರ್ಡೇ. ಬದಲಾದದ್ದು ಒಂದೇ. ಪೇಜ್ ನೋಡಿದ್ರೆ ಇವಳು ಬಂದ ಸುದ್ದಿನ ಮೂಲೆಮೂಲೆ ಹುಡುಕ್ತಿದ್ಲು. ನೈಟ್ ನೋಡಿ ಬಾಗಿಲಲ್ಲಿ ಕೂತ್ಲು. ಅಂದ್ಮೇಲೆ ಸುದ್ದಿ ಆಗಲೇ ಬಂದಿತ್ತು, ಅದನ್ನ ಬಚ್ಚಿಟ್ಟವರೇ ಕಾರ್ಡು ಬದಲಾಯಿಸಿದ್ದಾರೆ. ಅಣ್ಣನಿಗೆ ಗುಲಾಮನೂ ರಾಜನೂ ಒಂದೇ, ಅವನಿಗೆ ಈ ಸೂಕ್ಷ್ಮ ಹೊಳೆಯಲ್ಲ. ಫೋಟೊದವರು ಇಟ್ಟಿದ್ರೆ ಮಾರನೇ ದಿನವೇ ಹೂವು ಹಿಡಿದು ಬಂದು ನಾನೇ ಆ ಸವಾರ ಅಂತಿದ್ರು."

"ಬರೋಣ ಅಂತಿದ್ದೆ" ಎಂದ ಫೋಟೊದವನು ಮೆಲ್ಲಗೆ. "ಧೈರ್ಯ ಬರಲಿಲ್ಲ."

ಅತ್ತೆ ಕಾರ್ಯದರ್ಶಿಗಳ ಕಡೆ ತಿರುಗಿದರು. "ಕಾಗದ ಬಂದಿಲ್ಲ ಅಂದ್ರಿ, ಸುಳ್ಳಲ್ಲ. ಬಟ್ಟಲಿಂದ ಮೀನು ಬರೋ ಹಾಗೆ ಬೇರೆ ಏನೋ ಬಂದಿದೆ. ಕಟ್ಟಡಕ್ಕೆ ಬರೋ ಪಾರ್ಸೆಲ್ ಎಲ್ಲಾ ಮುಂಬಾಗಿಲಲ್ಲಿ ಯಾರ ಕೈಗೆ ಬರುತ್ತೆ?"

ಬಾಯಿ ಬಿಟ್ಟದ್ದು ಕಾರ್ಯದರ್ಶಿಗಳ ಹೆಂಡತಿ. "ಇವರ ಕೈಗೇ. ಅಯ್ಯೋ! ಕಾರ್ಡಮ್ಮನ ಹತ್ರ ನಾನು ಪಾಠ ಕಲೀತಿದ್ದೀನಿ. ಪೇಜ್ ಸುದ್ದಿ, ನೈಟ್ ಮನುಷ್ಯ ಅಂತ ಮೊನ್ನೆ ಊಟದ ಹೊತ್ತಲ್ಲಿ ಇವರಿಗೇ ಒಪ್ಪಿಸಿದ್ದೆ! ಕೇಳಿಸ್ಕೊಳ್ತಿಲ್ಲ ಅಂದ್ಕೊಂಡಿದ್ದೆ."

"ಆದ್ರೆ ಯಾಕೆ?" ಜಡೆಯಕ್ಕ ಎದ್ದು ನಿಂತಳು. ಉತ್ತರ ಅವಳಿಗೆ ಗೊತ್ತಿತ್ತು, ಆದರೂ ಅವಳು ಅವರ ತಲೆಯ ಕಡೆ ನೋಡಲಿಲ್ಲ. ಆ ಹುಡುಗಿಯ ದೊಡ್ಡತನಕ್ಕೆ ನನ್ನ ಮನಸ್ಸು ತುಂಬಿಬಂತು.

ಅತ್ತೆ ಬೆವರು ಒರೆಸಿಕೊಂಡು, "ತುಂಬಾ ಸೆಖೆ. ಅಳಿಯಂದ್ರೇ, ಫ್ಯಾನ್..." ಎಂದರು.

"ಬೇಡ!" ಕಾರ್ಯದರ್ಶಿಗಳ ಎರಡೂ ಕೈ ತಲೆಯ ಮೇಲೆ ಹೋದವು. ಆಮೇಲೆ ಅವರು ನಿಧಾನವಾಗಿ ಕೂತು, ಮಗುವಿನಂತೆ ಅತ್ತುಬಿಟ್ಟರು. "ನೀನು ಹೋದ್ರೆ ನನ್ನ ತಲೆ ಯಾರು ನೋಡ್ತಾರಮ್ಮ? ಬೇರೆ ಅಂಗಡಿಗೆ ಹೋದ್ರೆ ಊರಿಗೆಲ್ಲ ಡಂಗುರ. ನನ್ನ ಹೆಂಡತಿಗೇ ಗೊತ್ತಿಲ್ಲ!"

"ಯಾರಿಗೆ ಗೊತ್ತಿಲ್ಲ?" ಎಂದರು ಹೆಂಡತಿ. "ಮದುವೆಯಾದ ವರ್ಷದಿಂದ ಗೊತ್ತು. ಒಗೆಯೋ ದಿಂಬಿನ ಚೀಲದಲ್ಲಿ ಒಂದು ಕೂದಲಾದ್ರೂ ಸಿಗಬೇಕಲ್ಲ! ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ. ನಡೀರಿ, ಆ ಪಾರ್ಸೆಲ್ ತನ್ನಿ."

ಅವರು ತಂದ ಡಬ್ಬಿಯಲ್ಲಿ ರಾಣಿ ಪಾತ್ರದ ಒಂದು ಉದ್ದ ವಿಗ್ಗಿತ್ತು. ದೀಪಕ್ಕೆ ತಾಗಿ ಒಂದು ಬದಿ ಕರಕಲಾಗಿತ್ತು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಎರಡೇ ಸಾಲು: ಇದನ್ನು ಸರಿಮಾಡಿ ತಾ, ಬಸ್ಸಿನಲ್ಲಿ ನಿನಗೆ ಜಾಗವಿದೆ. ವಿಗ್ಗಿನ ಅಡಿಯಲ್ಲಿ ಪೇಜ್ ಕಾರ್ಡು ಬೆಚ್ಚಗೆ ಮಲಗಿತ್ತು.

"ಬಿಸಾಡೋಕೆ ಮನಸ್ಸಾಗಲಿಲ್ಲ. ಎಂಥಾ ಕೂದಲು!" ಎಂದು ಕಾರ್ಯದರ್ಶಿಗಳು ಮೂಗೊರೆಸಿಕೊಂಡರು.

ನಾವು ಅಂಗಡಿಗೆ ಬರುವಷ್ಟರಲ್ಲಿ ಜಡೆಯಕ್ಕ ಆಗಲೇ ಸೂಜಿ ಹಿಡಿದಿದ್ದಳು. ಮರದ ತಲೆಯ ಮೇಲಿಟ್ಟು ಕರಕಲು ಕತ್ತರಿಸಿ ಹೊಸ ಎಳೆ ಗಂಟು ಹಾಕಿದಳು. ಅಣ್ಣ ಗೊಣಗುತ್ತಲೇ ಬಣ್ಣ ಹೊಂದುವ ಕೂದಲು ಆರಿಸಿ ಕೊಟ್ಟ. ಆದರೆ ಜಡೆ ಸುತ್ತಿ ಕಿರೀಟದಂತೆ ಕೂರಿಸುವ ಹೊತ್ತಿಗೆ ತೊಡಕಾಯಿತು. "ರಾಣಿ ಪಾತ್ರದವರ ತಲೆ ದೊಡ್ಡದು. ಈ ಮರದ ತಲೆಗಳೆಲ್ಲ ಚಿಕ್ಕವು. ಅಳತೆ ಸರಿಯಿಲ್ದೆ ಸುತ್ತಿದ್ರೆ ರಂಗದ ಮೇಲೆ ಜಾರಿಬಿಡುತ್ತೆ" ಎಂದು ಅವಳು ಕೈ ನಿಲ್ಲಿಸಿದಳು. ಹೊರಗೆ ಬಿಸಿಲು ಇಳಿಯುತ್ತಿತ್ತು.

ಕಾರ್ಯದರ್ಶಿಗಳು ಒಮ್ಮೆ ಹೆಂಡತಿಯ ಮುಖ ನೋಡಿದರು. ಆಮೇಲೆ ಎದ್ದು ಬಂದು, ತಮ್ಮ ಕ್ರಾಪನ್ನು ಟೋಪಿಯಂತೆ ತೆಗೆದು ಮರದ ತಲೆಯ ಮೇಲಿಟ್ಟು, ಅಂಗಡಿಯ ಬಾಗಿಲ ಕುರ್ಚಿಯಲ್ಲಿ ಕೂತರು.

"ನನ್ನದೂ ದೊಡ್ಡ ತಲೆ. ಅಳತೆ ನಿನಗೆ ಗೊತ್ತಲ್ಲಮ್ಮ" ಎಂದರು.

ಸಂಜೆಯವರೆಗೂ ಅವರು ಬೀದಿಗೆ ಕಾಣುವಂತೆ ರಾಣಿಯ ಜಡೆ ಹೊತ್ತು ಅಲುಗಾಡದೆ ಕೂತಿದ್ದರು. ಇಡೀ ಕಟ್ಟಡ ನಿಂತು ನೋಡಿತು. ಒಬ್ಬರೂ ನಗಲಿಲ್ಲ ಎಂದರೆ ಸುಳ್ಳಾಗುತ್ತದೆ; ಅವರ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು, ನಕ್ಕು ಅವರ ಬೆವರೂ ಒರೆಸಿದರು. ಕೊನೆಯ ಪಿನ್ನು ಕೂತೊಡನೆ ಜಡೆಯಕ್ಕ ವಿಗ್ಗನ್ನು ಡಬ್ಬಿಗೆ ಹಾಕಿ, ಆ ಬೋಳುತಲೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಬಸ್ಸಿನ ಕಡೆ ಓಡಿದಳು.

ಫೋಟೊದವನು ಸೈಕಲ್ ಹಿಡಿದು ಹಿಂದೆಯೇ ಓಡಿದ. "ಹತ್ಕೊಳ್ಳಿ, ಬಿಡ್ತೀನಿ!" ಎಂಬ ಅವನ ಕೂಗು ತಿರುವಿನವರೆಗೂ ಕೇಳಿಸಿತು. ಅವಳು ಓಡುತ್ತಲೇ ಇದ್ದಳು, ಡಬ್ಬಿಯನ್ನು ಎದೆಗವಚಿಕೊಂಡು. ನಾವು ಬೀದಿಯ ತುದಿ ಮುಟ್ಟಿದಾಗ ಬಸ್ಸು ಹೊರಟಿತ್ತು, ಕಿಟಕಿಯಲ್ಲಿ ಒಂದು ಗಿಡ್ಡಗೂದಲಿನ ತಲೆ ನಗುತ್ತಿತ್ತು.