ಹಳೇ ಹದಿನೇಳು

"ಅಜ್ಜಾ, ಇಲ್ಲಿ ಹೊಲಿಗೆಯವರು ಯಾವತ್ತೂ ಇರಲಿಲ್ಲ. ನಮ್ಮಜ್ಜಿ ಮದುವೆಯಾಗಿ ಬಂದ ಮನೆ ಇದು. ಬೇಕಿದ್ರೆ ಒಳಗೆ ಬಂದು ಕೇಳಿ" ಅಂದಳು ಬಾಗಿಲು ತೆರೆದ ಹುಡುಗಿ.

ಮುದುಕ ಗೋಡೆಯ ಮೇಲಿನ ಹದಿನೇಳನ್ನು ಮತ್ತೆ ನೋಡಿದ. ನಂಬರು ಸರಿಯಿತ್ತು, ಉಳಿದದ್ದೊಂದೂ ಸರಿಯಿರಲಿಲ್ಲ. ಅವನು ಬೆಳೆದದ್ದು ದೀಪದ ಬೀದಿಯಲ್ಲಿ. ಈಗ ಮೂಲೆಯ ಬೋರ್ಡಿನಲ್ಲಿ ವಿಮೋಚನಾ ರಸ್ತೆ ಅಂತಿದೆ. ಹಂಚಿನ ಮನೆಗಳಿದ್ದ ಕಡೆ ನಾಲ್ಕಂತಸ್ತಿನ ಗಾಜಿನ ಕಿಟಕಿಗಳು. ಹಡಗಿನ ಇಂಜಿನ್ ರೂಮಿನಲ್ಲಿ ಆಯಸ್ಸು ಸವೆಸಿ, ಕೊನೆಗೊಮ್ಮೆ ಆ ಹೊಲಿಗೆಯವರ ಮಗಳನ್ನು ನೋಡಬೇಕು ಅಂತ ಬಂದರೆ, ಬೀದಿಯೇ ಇವನ ಗುರುತು ಹಿಡಿಯಲಿಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ಎಂದು ಕೇಳುವುದಾದರೂ ಯಾರನ್ನು?

"ಏನ್ರೀ, ಯಾರನ್ನ ಹುಡುಕ್ತಿದ್ದೀರಿ?"

ಎದುರು ಸಾಲಿನಲ್ಲಿ, ಸ್ವಲ್ಪ ಮುಂದೆ, ಒಂದು ತಗ್ಗು ಅಂಗಡಿ. ಬಾಗಿಲಿನ ಪಕ್ಕದ ಹೊಲಿಗೆ ಯಂತ್ರದ ಹಿಂದೆ ಒಬ್ಬ ಹೆಂಗಸು, ತುಟಿಯಲ್ಲಿ ಎರಡು ಪಿನ್ನು, ಮೂಗಿನ ತುದಿಯಲ್ಲಿ ಕನ್ನಡಕ. ಹೊರಗಿನ ಬಿಸಿಲಿಗೆ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಅವನು ರಸ್ತೆ ದಾಟಿ ಹತ್ತಿರ ಬಂದ.

"ಹದಿನೇಳನೇ ನಂಬರ್ ಮನೇನ."

"ಹೊಸದಾ, ಹಳೇದಾ?"

"ಹದಿನೇಳರಲ್ಲೂ ಹೊಸದು, ಹಳೇದು ಇರುತ್ತೇನ್ರೀ?"

ಅವಳು ಪಿನ್ನು ತೆಗೆದು ಬಟ್ಟೆಗೆ ಚುಚ್ಚಿದಳು. ನಗು ಬಿಗಿಹಿಡಿದ ಹಾಗಿತ್ತು. "ಇರುತ್ತೆ. ಮೊದಲು ಕೆರೆ ಕಡೆಯಿಂದ ಎಣಿಸ್ತಿದ್ರು. ಈ ಸಾಲು ಪೂರ್ತಿ ಮುಗಿಸಿ, ಆ ಸಾಲಲ್ಲಿ ವಾಪಸ್ ಬರ್ತಿದ್ರು. ರಸ್ತೆ ಅಗಲ ಮಾಡಿದಾಗ ಎಲ್ಲರ ಜಗಲಿ ಹೋಯ್ತು, ಹೆಸರು ಬದಲಾಯ್ತು, ನಂಬರೂ ಹೊಸದಾಗಿ ಹಾಕಿದ್ರು. ಈಗ ಸ್ಟೇಷನ್ ಕಡೆಯಿಂದ ಎಣಿಕೆ. ಎಡಕ್ಕೆ ಬೆಸ, ಬಲಕ್ಕೆ ಸಮ. ಹಳೇ ಹದಿನೇಳು ಇಪ್ಪತ್ನಾಲ್ಕಾಯ್ತು. ಎದುರಿನವರು ಹದಿನೇಳಾದ್ರು. ಹೊಸ ನಂಬರಿನ ಕೆಳಗೆ ಹಳೇದನ್ನೂ ಸಣ್ಣಕ್ಕೆ ಬರೆದಿದ್ರು. ಗೋಡೆಗೆ ಬಣ್ಣ ಹೊಡೆಸುವಾಗ ಎಲ್ಲರೂ ಅದನ್ನ ಅಳಿಸಿದ್ರು."

"ಯಾವಾಗ ಆಯ್ತು ಇದು?"

"ಅವನು ಹಡಗಿಗೆ ಹೋದ ಮರುವರ್ಷ."

ಯಾವ 'ಅವನು' ಎಂದು ಕೇಳುವಷ್ಟು ಪ್ರಜ್ಞೆ ಮುದುಕನಿಗಿರಲಿಲ್ಲ. ಅದಾದ ಮೇಲೆಯೇ, ಅವಳ ಮುಖ ಕಂಡಿರದ ಹಡಗಿನ ಜೊತೆಗಾರನೊಬ್ಬ ಈ ಊರಿಗೆ ಬರುವಾಗ ಹೇಳಿ ಕಳಿಸಿದ್ದ: ದೀಪದ ಬೀದಿ, ಹದಿನೇಳನೇ ಮನೆ, ನೋಡಿ ಬಾ. ಅವನು ಬಂದು ನೋಡಿ ಹೇಳಿದ್ದ: ಮದುವೆಯಾಗಿದೆ ಕಣೋ, ತೊಟ್ಟಿಲು ತೂಗ್ತಾ ಇದ್ಲು. ಅವತ್ತಿನಿಂದ ಇವನು ಊರಿನ ಹೆಸರೇ ಎತ್ತಿರಲಿಲ್ಲ.

"ಆ ತೊಟ್ಟಿಲು..." ಅವನು ತಿರುಗಿ ಎದುರಿನ ಮನೆ ನೋಡಿದ. "ಅದು ಈ ಹುಡುಗಿಯ ಅಜ್ಜೀದು. ಅಯ್ಯೋ ದೇವರೇ."

"ಬೀದಿಯಲ್ಲಿ ನಿಂತು ಅಯ್ಯೋ ಅನ್ನಬೇಡ. ಒಳಗೆ ಬಾ. ತಲೆ ಬಗ್ಗಿಸು ಗಡಿಬಿಡಿ, ಬಾಗಿಲು ತಾಗುತ್ತೆ."

ಅವನನ್ನು ಗಡಿಬಿಡಿ ಅಂತ ಕರೆಯುತ್ತಿದ್ದವಳು ಲೋಕದಲ್ಲಿ ಒಬ್ಬಳೇ. ಮುದುಕ ತಲೆ ಬಗ್ಗಿಸಲು ಮರೆತು ಸರಿಯಾಗಿ ತಾಗಿಸಿಕೊಂಡ. ಅವಳು ಹೊಟ್ಟೆ ಹಿಡಿದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಮೊದಲು ಮೆಟ್ಟಿಲು ಹತ್ತಿ ಬರಬೇಕಿತ್ತು ಈ ಮನೆಗೆ" ಅಂದ, ಹಣೆ ಉಜ್ಜಿಕೊಳ್ಳುತ್ತಾ.

"ಪ್ರತಿಸಲ ಡಾಂಬರಿನ ಮೇಲೆ ಡಾಂಬರು. ರಸ್ತೆ ಮೇಲೆ ಬಂತು, ನಾನು ಕೆಳಗಾದೆ. ಮಾರಿಬಿಡು ಅಂತ ಎಲ್ಲರೂ ಗಂಟುಬಿದ್ರು. ಮಾರಲಿಲ್ಲ."

"ಮದುವೆ?"

"ಆಗಲಿಲ್ಲ. ನಿನಗೋಸ್ಕರ ಕೂತಿದ್ದೆ ಅಂತ ಬೀಗಬೇಡ. ಬಂದವರು ಯಾರೂ ಹಿಡಿಸಲಿಲ್ಲ." ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. "ಹೋಲಿಸಿ ನೋಡೋ ಕೆಟ್ಟ ಚಟ ಇತ್ತು ನನಗೆ."

ಅವನು ಸೂಜಿ ಇಸಿದುಕೊಂಡು ಪೋಣಿಸಿಕೊಟ್ಟ. ಅವನೂ ಎರಡು ಸಲ ತಪ್ಪಿದ್ದನ್ನು ಅವಳು ಕಳ್ಳನೋಟದಿಂದ ಎಣಿಸಿದ್ದಳು.

"ನೀನು ಎದುರು ಬಾಗಿಲು ಬಡಿದಾಗಲೇ ಗೊತ್ತಾಯ್ತು ನನಗೆ" ಅಂದಳು.

"ಮತ್ತೆ ಅಷ್ಟೊತ್ತು ನಂಬರ್ ಪಾಠ ಯಾಕೆ ಮಾಡಿದೆ?"

"ಇಷ್ಟು ವರ್ಷ ಕಾಯಿಸಿದವನನ್ನ ಸ್ವಲ್ಪ ಹೊತ್ತಾದರೂ ಕಾಯಿಸಬೇಡವಾ?"

ಬೆಳಿಗ್ಗೆಯ ರೈಲಿಗೆ ಟಿಕೆಟ್ ಆಗಿದೆ ಅಂತ ಅವನು ಹೇಳಿದ. ಹೇಳಿದ ಮೇಲೆ ಆ ಮಾತು ತನಗೇ ಬೇಡವಾಯಿತು. ಅವಳು ಮತ್ತೆ ತುಳಿಯತೊಡಗಿದ್ದ ಯಂತ್ರದ ಚಕ್ರದ ಮೇಲೆ ಅಂಗೈ ಇಟ್ಟು ನಿಲ್ಲಿಸಿದಳು.

"ಅವತ್ತು ಕೇಳದೇ ಹೋದೆಯಲ್ಲ, ಅದನ್ನ ಈಗ ಕೇಳಿಬಿಡು. ಆಮೇಲೆ ರೈಲು ನೋಡೋಣ."

ಇಂಜಿನ್ನಿನ ಗದ್ದಲದಲ್ಲಿ ಕೂಗಿ ಕೂಗಿ ಬೆಳೆದ ಗಂಟಲು ಅವನದು. ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. "ನನ್ನ ಜೊತೆ ಇರ್ತೀಯಾ?" ಅಂದದ್ದು ರಸ್ತೆಯಾಚೆಗೂ ಕೇಳಿ, ಎದುರು ಮನೆ ಹುಡುಗಿ ಕಿಟಕಿಗೆ ಬಂದಳು.

"ನಾನು ಇಲ್ಲೇ ಇದ್ದೀನಲ್ಲೋ. ಎಲ್ಲೂ ಹೋಗಿಲ್ಲ" ಅಂದಳು ಅವಳು. "ನೀನು ಇರ್ತೀಯಾ?"

"ಇರ್ತೀನಿ."