ಕಂಬ ಮರೆಸಲು ನಿಂತವಳು

ಸ್ಕ್ರಿಪ್ಟಿನಲ್ಲಿ ಶಾಟ್ ಮೂರರ ಪಕ್ಕ ಬರೆದದ್ದನ್ನು ಓದುತ್ತಲೇ ಕುಸುಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ಕೆಳಗೆ ಬಿತ್ತು.

‘ಹಿಂದೆ ಕರೆಂಟು ಕಂಬ. ಕುಸುಮ ಅವರನ್ನು ಅದರ ಮುಂದೆ ನಿಲ್ಲಿಸುವುದು.’

ಹಾಳೆ ತಿರುವಿದಳು. ಶಾಟ್ ಐದು: ‘ಟ್ರಾನ್ಸ್‌ಫಾರ್ಮರ್. ಕುಸುಮ ಅವರು, ತಲೆ ಮೇಲೆ ಹುಲ್ಲಿನ ಹೊರೆ.’ ಶಾಟ್ ಎಂಟು: ‘ನೀರಿನ ಟ್ಯಾಂಕು. ಕುಸುಮ ಅವರು, ಕ್ಯಾಮೆರಾಗೆ ಹತ್ತಿರ.’

ಟ್ಯಾಂಕು! ಅವಳ ಕಿವಿ ಬಿಸಿಯಾಯಿತು. ಮದ್ದೂರಿನಲ್ಲಿ ಸ್ವಂತ ಟೈಲರಿಂಗ್ ಅಂಗಡಿ ಇಟ್ಟಿರುವ ಹೆಣ್ಣುಮಗಳು ಆ ಮನುಷ್ಯನ ಕಣ್ಣಿಗೆ ಟ್ಯಾಂಕಿಗೆ ಹೊದಿಸುವ ಟಾರ್ಪಾಲಿನಂತೆ ಕಂಡಳೇ?

ಆ ಮನುಷ್ಯ ಮಳವಳ್ಳಿ ಕಾಲೇಜಿನ ಇತಿಹಾಸ ಮೇಷ್ಟ್ರು ಶಶಿಧರ್. ೧೯೩೮ರ ಶಿವಪುರ ಧ್ವಜ ಸತ್ಯಾಗ್ರಹಕ್ಕೆ ಹುಲ್ಲಿನ ಹೊರೆಯಲ್ಲಿ ಬಾವುಟ ಬಚ್ಚಿಟ್ಟು ಒಯ್ಯುವ ಹೆಂಗಸಿನ ಕಥೆ ಕಟ್ಟಿ, ವೈದ್ಯನಾಥಪುರದಲ್ಲಿ ಕಿರುಚಿತ್ರ ತೆಗೆಯುತ್ತಿದ್ದರು. ಬಟ್ಟೆಬರೆಯ ಜವಾಬ್ದಾರಿ ಕುಸುಮಳದು. ಎರಡು ತಿಂಗಳು ಅವಳ ಮೆಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು, ಸೀರೆಗೆ ಫಾಲ್ ಬೇಡ, ರವಿಕೆಗೆ ಹುಕ್ಕು ಬೇಡ ಗಂಟು ಇರಲಿ, ಬಾವುಟ ಖಾದಿಯದೇ ಆಗಬೇಕು, ಪಾಲಿಯೆಸ್ಟರ್ ಆದರೆ ಬಿಸಿಲಿಗೆ ಮಿಂಚುತ್ತದೆ ಎಂದು ತಲೆ ತಿಂದಿದ್ದರು. ಮೊನ್ನೆ ಯಾರೋ ಅಶೋಕಚಕ್ರದ ಬಾವುಟ ತಂದಾಗ ಅವಳೇ ಗದರಿದ್ದಳು. “ಆಗ ನಡುವೆ ಚರಕ ಇತ್ತು ಕಣಣ್ಣ!” ಮೇಷ್ಟ್ರು ಅವಳನ್ನೇ ನೋಡಿ ನಕ್ಕಿದ್ದರು. ಆ ನಗುವನ್ನು ನಂಬಿ, ಅವ್ವ ಗೊತ್ತುಮಾಡಿದ್ದ ಗಂಡಿಗೆ ಇನ್ನೂ ಹೂಂ ಅನ್ನದೆ ಕೂತಿದ್ದಳು. ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕು.

“ಏನ್ ಮೇಷ್ಟ್ರೆ, ನನ್ನ ಏನಂತ ತಿಳ್ಕಂಡಿದ್ದೀರಿ? ಗೋಣಿತಾಟು ಅಂತಲಾ?”

ಟಾರು ರಸ್ತೆಗೆ ಕೆಮ್ಮಣ್ಣು ಹರಡಿಸಿ ನೀರು ಚಿಮುಕಿಸುತ್ತಿದ್ದ ಶಶಿಧರ್ ಬೆಚ್ಚಿ ತಿರುಗಿದರು. “ಜನ ಕಡಿಮೆ ಇದ್ದಾರೆ ಕುಸುಮ ಅವರೆ. ಸ್ವಲ್ಪ ಸಹಾಯ ಮಾಡಿ.”

“ಕಂಬಕ್ಕೆ ತೆಂಗಿನ ಗರಿ ಕಟ್ಟುದ್ರಾಯ್ತು ಅಂತ ನಾನ್ ಅಂದೆ,” ಎಂದ ಕ್ಯಾಮೆರಾದ ಚಿಕ್ಕಮಾದು. ಮೇಷ್ಟ್ರು ಅವನನ್ನು ದುರುಗುಟ್ಟಿ ನೋಡಿದರು.

ಒಪ್ಪಿದ ಕೆಲಸ, ಬಿಟ್ಟು ಹೋಗಲಾದೀತೆ? ಕುಸುಮ ವಾಚು ಬಿಚ್ಚಿದಳು, ವಾಚಿನ ಬಿಳಿ ಗುರುತಿನ ಮೇಲೆ ಮಣ್ಣು ತಿಕ್ಕಿದಳು, ಉಗುರಿನ ಪಾಲಿಶ್ ಒರೆಸಿದಳು, ಗಾಜಿನ ಬಳೆ ತೊಟ್ಟಳು. ಗೋಡೆಯ ಟಿವಿ ಡಿಶ್ಶಿನ ಮೇಲೆ ಬಿದಿರಿನ ಮಂಕರಿ ಕವುಚಿದ್ದರು, ಸಿಮೆಂಟು ಜಗಲಿಗೆ ಎತ್ತಿನ ಗಾಡಿ ಅಡ್ಡ ನಿಲ್ಲಿಸಿದ್ದರು. ಮಿಕ್ಕದ್ದಕ್ಕೆಲ್ಲ ಇವಳೇ ಮರೆ. ಕಂಬದ ಮುಂದೆ, ಟ್ರಾನ್ಸ್‌ಫಾರ್ಮರ್ ಮುಂದೆ, ಕೊನೆಗೆ ಆ ಟ್ಯಾಂಕಿನ ಮುಂದೆಯೂ ಹಲ್ಲು ಕಚ್ಚಿಕೊಂಡು ನಿಂತಳು. ಅವ್ವನಿಗೆ ಹೂಂ ಅಂದುಬಿಡೋಣ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು. ಕಣ್ಣು ತುಂಬಿತು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಶಾಟ್. ಕಬ್ಬಿನ ಗದ್ದೆಯ ಬದುವಿನ ಮೇಲೆ ನಾಯಕಿ ಪ್ರಿಯಾಂಕ ಹೊರೆ ಹೊತ್ತು ನಡೆದು ಹೋಗಬೇಕು.

“ಕುಸುಮ ಅವರೆ, ನೀವು ಇಲ್ಲಿ.” ಶಶಿಧರ್ ತಾವೇ ಬಂದು ಜಾಗ ತೋರಿಸಿದರು. ಜಾರಿದ ಸೆರಗು ನೋಡಿದರು, ಮುಟ್ಟಲಿಲ್ಲ.

“ಇಲ್ಲೇನು? ಮೊಬೈಲ್ ಟವರ್ರಾ?” ಸಿಟ್ಟಿನಿಂದ ಹಿಂದೆ ತಿರುಗಿದಳು.

ಹಿಂದೆ ಕಬ್ಬು. ಅದರಾಚೆ ಇನ್ನಷ್ಟು ಕಬ್ಬು, ಮೇಲೆ ಆಕಾಶ. ಕಂಬವಿಲ್ಲ, ತಂತಿಯಿಲ್ಲ, ಟ್ಯಾಂಕಿಲ್ಲ.

“ಇಲ್ಲೇನೂ ಇಲ್ವಲ್ಲ ಮೇಷ್ಟ್ರೆ!”

“ಇಲ್ಲ.”

“ಮತ್ಯಾಕೆ ನಾನು?”

ಶಶಿಧರ್ ಮುಖ ಕೆಂಪಾಯಿತು. “ಅಲ್ಲೂ ನೀವು ಬೇಕಿರಲಿಲ್ಲ. ಕಂಬಕ್ಕೆ ಗರಿ ಸಾಕಿತ್ತು. ಕ್ಯಾಮೆರಾ ಚೂರು ಬಗ್ಗಿಸಿದ್ರೆ ಟ್ಯಾಂಕು ಫ್ರೇಮಿಂದ ಆಚೆ ಹೋಗ್ತಿತ್ತು. ನೀವು ಪ್ರತಿ ಶಾಟಲ್ಲೂ ಇರಬೇಕು ಅಂತ ನನಗಿತ್ತು. ಸ್ಕ್ರಿಪ್ಟಲ್ಲಿ ಬರೆಯೋಕೆ ಒಂದು ಕಾರಣ ಬೇಕಲ್ಲ. ಈ ಶಾಟಿಗೆ ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ.”

ಕುಸುಮ ಒಂದು ಹೆಜ್ಜೆ ಮುಂದೆ ಬಂದಳು.

“ಬಾಯಿ ಬುಟ್ಟು ಯೋಳಕ್ಕೇನಾಗಿತ್ತು ನಿಮಗೆ?”

“ಬೇಡ ಅಂದ್ರೆ ಅನ್ನೋ ಭಯ.”

ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಗುಂಯ್‌ಗುಟ್ಟಿತು. ಅವ್ವ. ಕುಸುಮ ಶಶಿಧರ್ ಅವರ ಮುಖ ನೋಡುತ್ತಲೇ ಫೋನ್ ಕಿವಿಗಿಟ್ಟಳು.

“ಅವ್ವ, ಆ ಗಂಡು ಬ್ಯಾಡ ಅಂದ್ಬುಡು.”

“ಯಾಕ್ಮಗಾ? ಏನಾಯ್ತು?”

“ಮನೆಗ್ ಬಂದು ಯೋಳ್ತೀನಿ. ಜೊತೆಗೆ ಒಬ್ರನ್ನ ಕರ್ಕಂಡ್ ಬತ್ತೀನಿ.”

ಶಶಿಧರ್ ‘ನಾನಾ?’ ಎಂಬಂತೆ ತಮ್ಮ ಎದೆಗೆ ಬೆರಳಿಟ್ಟು ತೋರಿಸಿಕೊಂಡರು.

“ಮೇಷ್ಟ್ರೆ!” ಚಿಕ್ಕಮಾದು ಅಷ್ಟು ದೂರದಿಂದ ಕೂಗಿದ. “ಕ್ಯಾಮೆರಾ ಆನ್ ಐತೆ! ಮೂವತ್ತೆಂಟರಲ್ಲಿ ಮೊಬೈಲ್ ಎಲ್ಲಿತ್ತು? ಕಟ್ ಅನ್ರಪ್ಪಾ!”

ಬೆಳಗಿನಿಂದ ಒಂದು ಸೇಫ್ಟಿಪಿನ್ ಮಿಂಚಿದ್ದಕ್ಕೂ ಕಟ್ ಅಂದಿದ್ದ ಮೇಷ್ಟ್ರು ಈಗ ಅದನ್ನೇ ಮರೆತಿದ್ದರು.

ಕುಸುಮ ಫೋನನ್ನು ಅವರ ಕೈಗಿಟ್ಟು, ಸೆರಗು ಸರಿಮಾಡಿಕೊಂಡು, ಕಬ್ಬಿನ ಮುಂದೆ ತನ್ನ ಜಾಗದಲ್ಲಿ ನಿಂತಳು.

“ಇನ್ನೊಂದು ಟೇಕ್ ತಕ್ಕಳಿ. ನಾನೆಲ್ಲೂ ಓಗಲ್ಲ.”